ಒಂದು ಸಾಲಿನ ನೋಟಿಸು, ಊಟದ ಹೊತ್ತಿಗೆ ಹತ್ತು ಸುದ್ದಿ

‘ಮುಂದಿನ ತಿಂಗಳಿನಿಂದ ಸಂಬಳ 7ನೇ ತಾರೀಖಿಗೆ ಜಮಾ ಆಗುತ್ತದೆ. ಎಲ್ಲರೂ ಸಹಕರಿಸಬೇಕು. – ಆಡಳಿತ ವರ್ಗ.’

ಬೆಂಗಳೂರಿನ ಪೀಣ್ಯದ ಕಡೆ ತೊಂಬತ್ತು ಜನ ಕೆಲಸ ಮಾಡುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ಇಷ್ಟು ದಿನ ತಿಂಗಳ ಕೊನೆಯ ದಿನವೇ ಸಂಬಳ ಬರುತ್ತಿತ್ತು. ಬೆಳಿಗ್ಗೆ ಪಂಚಿಂಗ್ ಯಂತ್ರದ ಪಕ್ಕದಲ್ಲಿ ಈ ನೋಟಿಸು ಕಾಣಿಸಿತು. ಟೀ ಹೊತ್ತಿಗೆ ‘ಕಂಪನಿ ಹತ್ರ ದುಡ್ಡಿಲ್ವಂತೆ’ ಎಂಬ ಮಾತು ಹುಟ್ಟಿತು, ಊಟದ ಹೊತ್ತಿಗೆ ಕಾರ್ಖಾನೆ ಮಾರಾಟಕ್ಕಿದೆ ಎಂದಾಯಿತು. ಸಂಜೆ ಇಬ್ಬರು ಬೇರೆ ಕೆಲಸ ಹುಡುಕಲು ಶುರು ಮಾಡಿದರು.

ನೋಟಿಸಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದಿದವರ ಮನಸ್ಸಿಗೆ ಮೊದಲು ಬಂದ ಎರಡು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರಲಿಲ್ಲ: ‘ಯಾಕೆ?’ ಮತ್ತು ‘5ನೇ ತಾರೀಖಿನ ಕಂತು ಹೇಗೆ ಕಟ್ಟೋದು?’ ಬರೆದವರು ಬಿಟ್ಟ ಜಾಗವನ್ನು ಓದಿದವರು ತುಂಬಿಕೊಂಡರು. ಅದನ್ನು ತುಂಬಿದ್ದು ಅವರ ಭಯ.

ಹೀಗಾಗಿ ಇಂಥ ಸೂಚನೆ ಬರೆಯುವವರು ನೋಟಿಸಿಗಿಂತ ಮೊದಲು ಪ್ರಶ್ನೆಗಳನ್ನು ಬರೆಯಬೇಕು. ಕಚೇರಿಯಲ್ಲಿ ಕೂತು ಊಹಿಸಿದರೆ ಕಚೇರಿಯವರ ಪ್ರಶ್ನೆಗಳೇ ಸಿಗುತ್ತವೆ. ಬೇರೆ ಬೇರೆ ಪರಿಸ್ಥಿತಿಯ ನಾಲ್ಕೈದು ಜನರ ತಿಂಗಳ ಲೆಕ್ಕವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಬೈಕ್ ಸಾಲದ ಕಂತು 5ಕ್ಕೆ ಬ್ಯಾಂಕಿನಿಂದ ತಾನೇ ಕಡಿತವಾಗುವ ಹುಡುಗ, 1ನೇ ತಾರೀಖಿಗೆ ಬಾಡಿಗೆ ಕೊಡಬೇಕಾದ ಹೆಂಗಸು, 3ಕ್ಕೆ ಚೀಟಿ ಕಟ್ಟುವವರು, ಊರಿಗೆ ಹಣ ಕಳಿಸುವವರು, ಹೋದ ವಾರವಷ್ಟೇ ಸೇರಿದವರು. ಪ್ರತಿಯೊಬ್ಬರ ಬಳಿಯೂ ಒಂದೊಂದು ಪ್ರಶ್ನೆ ಇದೆ, ಮತ್ತು ಅವುಗಳಲ್ಲಿ ಬಹುಪಾಲು ಹಣದ್ದು.

ಈ ಪಟ್ಟಿ ಕೈಗೆ ಬಂದ ಮೇಲೆ ಒಂದು ವಿಷಯ ಹೊಳೆಯುತ್ತದೆ. ಕೆಲವು ಪ್ರಶ್ನೆಗಳಿಗೆ ಬರೀ ಮಾತಿನ ಉತ್ತರ ಸಾಲದು, ವ್ಯವಸ್ಥೆಯೇ ಬೇಕು. ಆಗಸ್ಟ್ ಸಂಬಳ 31ಕ್ಕೆ ಬಂದು ಸೆಪ್ಟೆಂಬರಿನದು ಅಕ್ಟೋಬರ್ 7ಕ್ಕೆ ಬಂದರೆ ನಡುವೆ 37 ದಿನ. ಅಲ್ಲಿಂದ ಮುಂದೆ ಎಲ್ಲವೂ ತಿಂಗಳಿಗೊಮ್ಮೆ ಸರಿಯಾಗಿ ಬರುತ್ತದೆ, ಕಷ್ಟ ಇರುವುದು ಈ ಒಂದು ಸಲದ ವಾರದಲ್ಲಿ ಮಾತ್ರ. ಅದಕ್ಕೆ ಪರಿಹಾರ ಮುಂಗಡ. ಹದಿನೆಂಟು ಸಾವಿರ ಸಂಬಳದವರಿಗೆ ಸೆಪ್ಟೆಂಬರ್ 30ಕ್ಕೆ 9,000 ರೂಪಾಯಿ ಬಡ್ಡಿಯಿಲ್ಲದೆ ಕೊಡುವುದು. ಅಕ್ಟೋಬರ್ 7ಕ್ಕೆ ಪೂರ್ತಿ ಸಂಬಳ ಬರುತ್ತದೆ. ಮುಂಗಡವನ್ನು ನವೆಂಬರ್ 7ರಿಂದ ತಿಂಗಳಿಗೆ 1,500ರಂತೆ ಆರು ಕಂತಿನಲ್ಲಿ ಹಿಡಿದುಕೊಳ್ಳುವುದು. ಇದನ್ನು ನಿರ್ಧರಿಸದೆ ಹೊರಡಿಸಿದ ನೋಟಿಸು ಎಷ್ಟು ನಯವಾಗಿದ್ದರೂ ಅರೆಬರೆಯೇ.

ಯಾವಾಗ ಹೇಳಬೇಕು ಎಂಬುದನ್ನು ಸ್ವಲ್ಪ ಮಟ್ಟಿಗೆ ಕಾನೂನೇ ತೀರ್ಮಾನಿಸಿದೆ. ಸಂಬಳ ಕೊಡುವ ಅವಧಿ, ವಿಧಾನ, ಕೆಲಸದ ವೇಳೆಯಂಥ ವಿಷಯಗಳನ್ನು ಕಾರ್ಮಿಕರಿಗೆ ತೊಂದರೆಯಾಗುವಂತೆ ಬದಲಿಸುವುದಾದರೆ 21 ದಿನ ಮುಂಚೆ ನೋಟಿಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಹೇಳುತ್ತಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದೇ 21 ದಿನವನ್ನು ಉಳಿಸಿಕೊಂಡಿದೆ. ಸೆಪ್ಟೆಂಬರ್ 30ಕ್ಕೆ ಬರಬೇಕಾದ ಸಂಬಳದ ಮಾತನ್ನು ಸೆಪ್ಟೆಂಬರ್ 1ಕ್ಕೇ ಹೇಳಿದರೆ ಕಾನೂನಿಗೂ ಸರಿ, ಕಂತಿನ ತಾರೀಖು ಬದಲಿಸಲು ಬ್ಯಾಂಕಿಗೆ ಅಲೆಯುವವರಿಗೂ ಸಮಯ ಸಿಗುತ್ತದೆ.

ಮೊದಲು ಯಾರಿಗೆ ಹೇಳಬೇಕು? ಸೂಪರ್‌ವೈಸರುಗಳಿಗೆ. ನೋಟಿಸು ಓದಿದವರು ಎಚ್‌ಆರ್ ಕೊಠಡಿಗೆ ಹೋಗುವುದಿಲ್ಲ, ‘ಏನ್ ಸಾರ್ ಇದು?’ ಎಂದು ಪಕ್ಕದ ಸೂಪರ್‌ವೈಸರನ್ನೇ ಕೇಳುತ್ತಾರೆ. ಅವರು ‘ನಂಗೂ ಗೊತ್ತಿಲ್ಲಮ್ಮ’ ಎಂದರೆ ಅಲ್ಲಿಗೆ ಕತೆ ಮುಗಿಯಿತು. ಆದರೆ ಅವರಿಗೆ ವಾರ ಮುಂಚೆ ತಿಳಿಸಿದರೆ ಸುದ್ದಿ ಸೋರುತ್ತದೆ. ಅದೇ ಬೆಳಿಗ್ಗೆ ಶಿಫ್ಟಿಗೆ ಮುಂಚೆ ಅರ್ಧ ಗಂಟೆ ಕೂರಿಸಿ ಪ್ರಶ್ನೋತ್ತರದ ಹಾಳೆಯನ್ನು ಕೈಗೆ ಕೊಟ್ಟರೆ ಸಾಕು. ಆಮೇಲೆ ಎಲ್ಲರಿಗೂ ಒಟ್ಟಿಗೆ, ನಿಂತು, ಬಾಯಿಮಾತಿನಲ್ಲಿ ಹೇಳಬೇಕು. ಅದು ಮುಗಿದ ಕೂಡಲೇ ನೋಟಿಸು ಗೋಡೆಗೆ, ವಾಟ್ಸಾಪ್ ಗುಂಪಿಗೆ. ಶುಕ್ರವಾರ ಸಂಜೆ ಹೇಳಿ ಮನೆಗೆ ಕಳಿಸುವುದು ಬೇಡ. ಕೇಳಲು ಯಾರೂ ಸಿಗದ ಎರಡು ದಿನದಲ್ಲಿ ಭಯ ಬೆಳೆಯುತ್ತದೆ.

ಹಾಗೆ ಸಿದ್ಧವಾದ ನೋಟಿಸು ಹೀಗಿರಬಹುದು:

‘ಸೆಪ್ಟೆಂಬರ್ ತಿಂಗಳ ಸಂಬಳ ಅಕ್ಟೋಬರ್ 7ರಂದು ಬರುತ್ತದೆ. ಮುಂದೆ ಪ್ರತಿ ತಿಂಗಳೂ 7ಕ್ಕೇ. ಸಂಬಳದ ಮೊತ್ತ, ಓಟಿ ದರ, ಪಿಎಫ್, ರಜೆ ಯಾವುದೂ ಬದಲಾಗಿಲ್ಲ.

ಕಾರಣ: ಈಗ ಸಂಬಳದ ಲೆಕ್ಕ 27ಕ್ಕೇ ಮುಗಿಯುತ್ತದೆ. ಕೊನೆಯ ದಿನಗಳ ಓಟಿ ಮುಂದಿನ ತಿಂಗಳಿಗೆ ಹೋಗುತ್ತದೆ. ಇನ್ನು ಮುಂದೆ ಆಯಾ ತಿಂಗಳ ಓಟಿ ಆಯಾ ಸಂಬಳದಲ್ಲೇ ಸಿಗುತ್ತದೆ.

7ನೇ ತಾರೀಖು ಭಾನುವಾರವೋ ರಜೆಯೋ ಆದರೆ? ಹಿಂದಿನ ಕೆಲಸದ ದಿನವೇ ಜಮಾ.

ಈ ಸಲ ಒಂದು ವಾರ ತಡವಾಗುತ್ತದಲ್ಲ? ಅರ್ಧ ಸಂಬಳದಷ್ಟು ಮುಂಗಡ ಸೆಪ್ಟೆಂಬರ್ 30ಕ್ಕೆ ಸಿಗುತ್ತದೆ. ಬಡ್ಡಿ ಇಲ್ಲ. ಆರು ಕಂತು. ಕಾರಣ ಹೇಳಬೇಕಿಲ್ಲ. 20ರೊಳಗೆ ಹೆಸರು ಕೊಡಿ.

ಸಾಲದ ಕಂತು 5ಕ್ಕೆ ಇದ್ದರೆ? ತಾರೀಖು ಬದಲಿಸಲು ಬ್ಯಾಂಕಿಗೆ ಕೊಡುವ ಪತ್ರ ಕಚೇರಿಯಲ್ಲಿ ಸಿದ್ಧವಿದೆ.

ಕಂಪನಿಗೆ ಹಣದ ತೊಂದರೆಯೇ? ಇಲ್ಲ. ಆಗಸ್ಟ್ ಸಂಬಳ ನಿನ್ನೆ ಬಂದಿದೆ. ಪಿಎಫ್ ಎಂದಿನಂತೆ 15ರೊಳಗೆ ಕಟ್ಟುತ್ತೇವೆ. ನಿಮ್ಮ ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಬಹುದು.’

ಇದರಲ್ಲಿ ‘ಯಾರೂ ಗಾಬರಿಯಾಗಬೇಡಿ’ ಎಂಬ ಮಾತೇ ಇಲ್ಲ. ಆ ಮಾತು ಓದಿದವರಿಗೆ ಮೊದಲು ಬರುವ ಅನುಮಾನ, ಗಾಬರಿಯಾಗುವಂಥದ್ದು ಏನೋ ಇದೆ ಎಂಬುದು. ಅದರ ಬದಲು ಏನು ಬದಲಾಗಿಲ್ಲ ಎಂಬ ಪಟ್ಟಿ ಮೊದಲ ಪ್ಯಾರಾದಲ್ಲೇ ಇದೆ. ಎಲ್ಲರ ಬಾಯಲ್ಲಿದ್ದೂ ಯಾರೂ ಎದುರಿಗೆ ಕೇಳದ ಪ್ರಶ್ನೆಯನ್ನು ಕಂಪನಿಯೇ ಎತ್ತಿದೆ, ಉತ್ತರವನ್ನು ಪರೀಕ್ಷಿಸುವ ದಾರಿಯನ್ನೂ ತೋರಿಸಿದೆ.

ಹೇಳಿದ್ದು ತಲುಪಿತೇ ಎಂದು ತಿಳಿಯುವುದು ಕಷ್ಟವಲ್ಲ. ಮರುದಿನ ಸೂಪರ್‌ವೈಸರುಗಳನ್ನು ಕೇಳಿದರೆ ಸಾಕು. ‘ಮುಂಗಡಕ್ಕೆ ಎಲ್ಲಿ ಸಹಿ ಹಾಕಬೇಕು?’ ಎಂಬ ಪ್ರಶ್ನೆ ಬರುತ್ತಿದ್ದರೆ ಸರಿ. ‘ನಿಜವಾಗ್ಲೂ ಯಾಕೆ?’ ಎಂಬುದು ಮೂರನೆಯ ದಿನವೂ ನಿಲ್ಲದಿದ್ದರೆ, ಕೊಟ್ಟ ಕಾರಣವನ್ನು ಜನ ನಂಬಿಲ್ಲ. ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿ ಪ್ರಯೋಜನವಿಲ್ಲ, ಓಟಿ ತಪ್ಪಿಹೋದ ಹಳೆಯ ಪೇಸ್ಲಿಪ್ ಒಂದನ್ನು ಎದುರಿಗಿಟ್ಟು ತೋರಿಸಬೇಕು.

ಇಷ್ಟಾದರೂ ಮಾತಿಗೊಂದು ಮಿತಿ ಇದೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮ ಆ ಫೆಬ್ರುವರಿಯಲ್ಲೇ ಹೊರಬಿದ್ದಿತ್ತು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವನ್ನೇ ಮಕ್ಕಳ ಫೀಸಿಗೆ, ಮದುವೆಗೆ, ಸಾಲ ತೀರಿಸಲು ನಂಬಿಕೊಂಡವರಿಗೆ ‘ನಮ್ಮ ದುಡ್ಡು ಏನಾಗುತ್ತೆ?’ ಎಂಬುದೇ ಪ್ರಶ್ನೆಯಾಗಿತ್ತು. 19ರಂದೇ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಅಲ್ಲಿ ವಿವರಣೆಯ ಕೊರತೆಯೊಂದೇ ಇರಲಿಲ್ಲ, ಆ ಪ್ರಶ್ನೆಗೆ ಅವರು ಒಪ್ಪುವಂಥ ಉತ್ತರವೇ ಇರಲಿಲ್ಲ.

ಪ್ರಶ್ನೆಗಳನ್ನು ಮೊದಲು ಬರೆದುಕೊಂಡರೆ ಈ ವ್ಯತ್ಯಾಸವೂ ಮುಂಚೆಯೇ ಕಾಣುತ್ತದೆ. ಬಾಡಿಗೆ ಕಟ್ಟುವ ಹೆಂಗಸಿನ ಪ್ರಶ್ನೆಯ ಎದುರು ಬರೆಯಲು ಏನೂ ತೋಚದಿದ್ದರೆ, ತಿದ್ದಬೇಕಾದದ್ದು ನೋಟಿಸನ್ನಲ್ಲ, ತೀರ್ಮಾನವನ್ನು.