ಮುದ್ರಕದ ಮೂಲೆಗೊಂದು ಎಚ್ಚರಿಕೆಯ ಫಲಕ

ಕೇಂದ್ರ ಸರ್ಕಾರದ ಅಟಲ್ ಇನ್ನೊವೇಶನ್ ಮಿಷನ್ 2016ರಲ್ಲಿ ಆರಂಭವಾದ ತರುವಾಯ, ಆರರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿ ತೆರೆದ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ನಮ್ಮ ನಾಡಿನ ಅನೇಕ ಶಾಲೆಗಳಿಗೆ ತ್ರೀಡಿ ಪ್ರಿಂಟರ್ ಬಂದು ಸೇರಿದೆ. ಫಿಲಮೆಂಟ್ ಎಂಬ 1.75 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆಯನ್ನು ಸುರುಳಿಯಿಂದ ಎಳೆದುಕೊಂಡು, ನಾಜಲ್ ಎಂಬ ಕಿರಿದಾದ ಲೋಹದ ಮೂತಿಯಲ್ಲಿ ಕರಗಿಸಿ, ಬೆಡ್ ಎಂಬ ಕಾದ ತಟ್ಟೆಯ ಮೇಲೆ ಪದರದ ಮೇಲೆ ಪದರವಾಗಿ ಹಾಸುತ್ತ ವಸ್ತುವನ್ನು ರೂಪಿಸುವ ಈ ಯಂತ್ರವನ್ನು ಹಲವು ಕೈಗಳು ಬಳಸುತ್ತವೆ. ಬೆಳಗ್ಗೆ ಒಬ್ಬರು ಮಾಡಿಟ್ಟುದರ ಫಲವನ್ನು ಮಧ್ಯಾಹ್ನ ಮತ್ತೊಬ್ಬರು ಅನುಭವಿಸಬೇಕಾಗುವ ಇಂತಹ ಮೂಲೆಯಲ್ಲಿ ಗೋಡೆಯ ಮೇಲಿನ ಎಚ್ಚರಿಕೆಯ ಫಲಕವು, ಒಬ್ಬರಿಂದೊಬ್ಬರಿಗೆ ಬಾಯಿಮಾತಿನಲ್ಲಿ ತಲುಪದೆ ಹೋಗುವ ತಿಳಿವಳಿಕೆಯನ್ನು ಹೊತ್ತು ನಿಲ್ಲತಕ್ಕ ಸಾಧನ. ಅದರಲ್ಲಿ ಏನು ಬರೆದಿರಬೇಕು, ಏಕೆ ಬರೆದಿರಬೇಕು ಎಂಬುದನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಫಲಕದ ಮೊದಲ ಭಾಗ ಬಿಸಿಯನ್ನು ಕುರಿತದ್ದು. ಹಳದಿ ತ್ರಿಕೋನದೊಳಗೆ ಒಂದು ಗೆರೆಯ ಮೇಲೆ ಮೂರು ಅಲೆಗಳು ಏಳುತ್ತಿರುವಂತೆ ಬರೆದ ಚಿಹ್ನೆಯು ಬಿಸಿ ಮೇಲ್ಮೈಗೆ ಅಂತಾರಾಷ್ಟ್ರೀಯವಾಗಿ ಒಪ್ಪಿತವಾದುದು. ಅದನ್ನು ದೊಡ್ಡದಾಗಿ ಮೇಲೆ ಹಾಕುವುದು ಯುಕ್ತವೇ ಸರಿ. ಆದರೆ ಚಿಹ್ನೆಯು ಬಿಸಿಯಿದೆಯೆಂದಷ್ಟೇ ಹೇಳುತ್ತದೆ, ಯಾವಾಗ ಆರಿತೆಂಬುದನ್ನು ಹೇಳುವುದಿಲ್ಲ. ಶಾಲೆಗಳಲ್ಲಿ ಹೆಚ್ಚಾಗಿ ಬಳಸುವ ಪಿ.ಎಲ್.ಎ. ಪ್ಲಾಸ್ಟಿಕ್ಕಿಗೆ ನಾಜಲ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಷ್ಟೂ ಬೆಡ್ ಸುಮಾರು 60 ಡಿಗ್ರಿಯಷ್ಟೂ ಕಾಯುತ್ತವೆ. ಇಷ್ಟು ಕಾದರೂ ಲೋಹವು ಕೆಂಪಾಗುವುದಿಲ್ಲ, ಹೊಗೆಯಾಡುವುದಿಲ್ಲ, ತಣ್ಣಗಿರುವಾಗ ಹೇಗೋ ಹಾಗೆಯೇ ಕಾಣುತ್ತದೆ. ಕಣ್ಣಿಗೆ ತಿಳಿಯದ ಈ ಸಂಗತಿಯನ್ನು ತಿಳಿಸುವುದು ಯಂತ್ರದ ಪರದೆ. ಅದರ ಮೇಲೆ 180/0 ಎಂಬಂತೆ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಈಗಿರುವ ಉಷ್ಣತೆ, ಎರಡನೆಯದು ಯಂತ್ರಕ್ಕೆ ವಿಧಿಸಿರುವ ಉಷ್ಣತೆ. ಕೆಲಸ ಮುಗಿದೊಡನೆ ಎರಡನೆಯ ಸಂಖ್ಯೆ ಸೊನ್ನೆಗಿಳಿಯುವುದನ್ನು ಕಂಡು ಯಂತ್ರವು ತಣಿಯಿತೆಂದು ಭ್ರಮಿಸಿ ಕೈಯಿಡುವುದು ಹೊಸಬರಿಗೆ ಸಹಜ. ಆದಕಾರಣ ಫಲಕದ ವಾಕ್ಯ ಹೀಗಿರತಕ್ಕದ್ದು: “ಮೊದಲನೆಯ ಸಂಖ್ಯೆಯನ್ನು ನೋಡಿ, ನಾಜಲ್ 50ಕ್ಕಿಂತಲೂ ಬೆಡ್ 40ಕ್ಕಿಂತಲೂ ಇಳಿಯುವವರೆಗೆ ಮುಟ್ಟಬೇಡಿ, ಸ್ವಿಚ್ಚನ್ನೂ ಆರಿಸಬೇಡಿ.” ಸ್ವಿಚ್ ಆರಿಸಿದರೆ ಸಂಖ್ಯೆ ಮಾಯವಾಗುತ್ತದೆಯೇ ಹೊರತು ಬಿಸಿ ಮಾಯವಾಗುವುದಿಲ್ಲ, ಮೇಲಾಗಿ ನಾಜಲ್‌ನ ಹಿಂಬದಿಯನ್ನು ತಣಿಸುವ ಫ್ಯಾನು ನಿಂತುಹೋಗಿ, ಬಿಸಿಯು ಮೇಲಕ್ಕೇರಿ, ಫಿಲಮೆಂಟ್ ನಡುದಾರಿಯಲ್ಲೇ ಮೆತ್ತಗಾಗಿ ಕಚ್ಚಿಕೊಳ್ಳುವ ಸಂಭವವೂ ಉಂಟು. ಸುಟ್ಟ ಬೆರಳನ್ನು ತಕ್ಷಣವೇ ನಲ್ಲಿಯ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕೆಂಬುದನ್ನೂ, ಟೂತ್‌ಪೇಸ್ಟನ್ನಾಗಲಿ ಮಂಜುಗಡ್ಡೆಯನ್ನಾಗಲಿ ಹಚ್ಚಕೂಡದೆಂಬುದನ್ನೂ ಇಲ್ಲಿಯೇ ಬರೆಯಬೇಕು.

ಎರಡನೆಯ ಭಾಗ ಮೇಲ್ವಿಚಾರಣೆಯದು. “ಯಂತ್ರವನ್ನು ಬಿಟ್ಟು ಹೋಗಬಾರದು” ಎಂದಿಷ್ಟೇ ಬರೆದ ಫಲಕವನ್ನು ಓದಿದವರು ಕಾರಣವನ್ನರಿಯದೆ ಹೊರಟುಹೋಗುತ್ತಾರೆ; ಕಾರಣವನ್ನು ವಿವರಿಸಿದರೆ ನಿಲ್ಲುತ್ತಾರೆ. ನಾಜಲ್‌ನ ಉಷ್ಣತೆಯನ್ನು ಅಳೆಯುವ ಥರ್ಮಿಸ್ಟರ್ ಎಂಬ ಸಣ್ಣ ಸಂವೇದಕವು ತನ್ನ ಸ್ಥಾನದಿಂದ ಜಾರಿತೆಂದು ಭಾವಿಸಿ. ಆಗ ಅದು ಲೋಹದ ಉಷ್ಣತೆಯನ್ನಲ್ಲ, ಹೊರಗಿನ ಗಾಳಿಯ ಉಷ್ಣತೆಯನ್ನು ವರದಿ ಮಾಡತೊಡಗುತ್ತದೆ. ಇನ್ನೂ ಸಾಲದೆಂದು ತಿಳಿದ ಯಂತ್ರವು ವಿದ್ಯುತ್ತನ್ನು ಹರಿಸುತ್ತಲೇ ಹೋಗುತ್ತದೆ. ಲೋಹವು ಮಿತಿಮೀರಿ ಕಾದು ಬೆಂಕಿಗೆ ಕಾರಣವಾಗಬಹುದು. ಇದನ್ನು ತಡೆಯುವ ರಕ್ಷಣೆಯು ಇಂದಿನ ಬಹುಪಾಲು ಯಂತ್ರಗಳ ತಂತ್ರಾಂಶದಲ್ಲಿದೆ. ಹೀಟರ್ ಉರಿಯುತ್ತಿದ್ದರೂ ಉಷ್ಣತೆ ವಿಧಿಸಿದ ಮಟ್ಟದಿಂದ ಇಳಿದು ಮತ್ತೆ ಏರದಿದ್ದರೆ ಅದು ಯಂತ್ರವನ್ನು ನಿಲ್ಲಿಸಿ ಪರದೆಯ ಮೇಲೆ Thermal Runaway ಎಂದು ತೋರಿಸುತ್ತದೆ. ಆದರೆ ಕೆಲವು ಹಳೆಯ, ಅಗ್ಗದ ಯಂತ್ರಗಳಲ್ಲಿ ಈ ರಕ್ಷಣೆ ಇರಲಿಲ್ಲ. ಇದ್ದರೂ, ವಿದ್ಯುತ್ತನ್ನು ನಿಯಂತ್ರಿಸುವ ಬಿಡಿಭಾಗವೇ ಕೆಟ್ಟು ವಿದ್ಯುತ್ ಹರಿಯುವ ಸ್ಥಿತಿಯಲ್ಲೇ ನಿಂತರೆ ತಂತ್ರಾಂಶದ ಆಜ್ಞೆ ಅಲ್ಲಿಗೆ ತಲುಪದು. ಗೋಡೆಯ ಸ್ವಿಚ್ಚನ್ನು ಆರಿಸಬಲ್ಲ ಮನುಷ್ಯನೊಬ್ಬ ಸನಿಹದಲ್ಲಿ ಇರಲೇಬೇಕಾದುದು ಆ ಕಾರಣದಿಂದ. ಆ ಇಂಗ್ಲಿಷ್ ಸಂದೇಶವನ್ನು ಪರದೆಯ ಮೇಲಿರುವಂತೆಯೇ ಫಲಕದಲ್ಲಿ ಅಚ್ಚಿಸಿ, “ಇದು ಕಂಡರೆ ಮತ್ತೆ ಚಾಲೂ ಮಾಡಬೇಡಿ, ಗೋಡೆಯ ಸ್ವಿಚ್ ಆರಿಸಿ, ಶಿಕ್ಷಕರನ್ನು ಕರೆಯಿರಿ” ಎಂದು ಅದರ ಕೆಳಗೆ ಸೇರಿಸಬೇಕು.

ಈ ನಿಯಮವು ದಿನಚರಿಯಲ್ಲಿ ಹೇಗೆ ನಡೆಯತಕ್ಕದ್ದೆಂಬುದಕ್ಕೆ ಒಂದು ಉದಾಹರಣೆ ಸಾಕು. ವಿದ್ಯಾರ್ಥಿನಿಯೊಬ್ಬಳು ಬೆಳಗ್ಗೆ ಹನ್ನೊಂದಕ್ಕೆ ತನ್ನ ಸೇತುವೆಯ ಮಾದರಿಯನ್ನು ಸ್ಲೈಸರ್ ತಂತ್ರಾಂಶಕ್ಕೆ ಕೊಟ್ಟಾಗ ಅದು ಏಳು ಗಂಟೆಗಳ ಕೆಲಸವೆಂದು ತೋರಿಸುತ್ತದೆ. ಶಾಲೆಯಾದರೋ ನಾಲ್ಕೂವರೆಗೆ ಮುಗಿಯುತ್ತದೆ. ಅಂದಾಜಿಗಿಂತ ಮುದ್ರಣವು ತಡವಾಗುವುದೇ ಹೆಚ್ಚಾದ್ದರಿಂದ ಅದು ಸಂಜೆ ಆರರ ಮೇಲೂ ನಡೆಯುವುದು ನಿಶ್ಚಿತ. “ಕಾವಲಿನ ವೇಳೆಯೊಳಗೆ ಮುಗಿಯದ್ದನ್ನು ಆರಂಭಿಸಬೇಡಿ” ಎಂಬ ಸಾಲನ್ನು ಓದಿದ ಆಕೆ, ಸೇತುವೆಯನ್ನು ನಡುವೆ ಎರಡು ತುಂಡುಮಾಡಿ, ಒಂದನ್ನು ಇಂದು, ಇನ್ನೊಂದನ್ನು ನಾಳೆ ಮುದ್ರಿಸಿ ಅಂಟಿಸುತ್ತಾಳೆ. ಮೊದಲ ಪದರವು ಪೂರ್ತಿಯಾಗಿ ಬೆಡ್ಡಿಗೆ ಅಂಟುವವರೆಗೆ ಅಲ್ಲಾಡದೆ ನೋಡುತ್ತ ನಿಲ್ಲುತ್ತಾಳೆ. ಊಟಕ್ಕೆ ಹೋಗುವಾಗ ಯಾರ ವಶಕ್ಕೆ ಒಪ್ಪಿಸಿದಳೆಂಬುದನ್ನು ಪಕ್ಕದ ಪುಸ್ತಕದಲ್ಲಿ ಬರೆಯುತ್ತಾಳೆ.

ಮೂರನೆಯ ಭಾಗ ಫಿಲಮೆಂಟಿನದು; ಜನರು ಅತ್ಯಂತ ಹಗುರವಾಗಿ ಕಾಣುವುದು ಇದನ್ನೇ. ಸುರುಳಿಯನ್ನು ಯಂತ್ರದಿಂದ ತೆಗೆಯುವಾಗ ಎಳೆಯ ತುದಿಯನ್ನು ಒಂದು ಕ್ಷಣ ಕೈಬಿಟ್ಟರೆ, ಬಿಗಿದು ಸುತ್ತಿದ ಸುತ್ತುಗಳು ತಾವಾಗಿಯೇ ಸಡಿಲಗೊಳ್ಳುತ್ತವೆ. ತುದಿಯನ್ನು ಮತ್ತೆ ಹಿಡಿದೆಳೆಯುವಾಗ ಅದು ಒಂದು ಸುತ್ತಿನ ಅಡಿಯಿಂದ ನುಸುಳಿ ಬಂದಿರುತ್ತದೆ. ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮರುದಿನ ಬಂದವರು ಅದನ್ನೇ ಪೋಣಿಸಿ ಮುದ್ರಣ ಆರಂಭಿಸಿದರೆ, ಕೆಲವು ತಾಸುಗಳ ತರುವಾಯ ಆ ಸುತ್ತು ಎಳೆಯ ಮೇಲೆ ಗಂಟಾಗಿ ಬಿಗಿಯುತ್ತದೆ. ಎಳೆಯುವ ಹಲ್ಲುಚಕ್ರವು ಟಕ್ ಟಕ್ ಎಂದು ಸದ್ದುಮಾಡುತ್ತ ಒಂದೇ ಕಡೆ ಕೊರೆಯತೊಡಗುತ್ತದೆ. ನಾಜಲ್ ಏನನ್ನೂ ಸುರಿಸದೆ ಗಾಳಿಯಲ್ಲಿ ಸುಮ್ಮನೆ ಓಡಾಡುತ್ತಿರುತ್ತದೆ. ಕಾರ್ಖಾನೆಯಲ್ಲೇ ಸಿಕ್ಕಾಗಿ ಬಂದಿತೆಂದು ದೂರುವವರುಂಟು. ಬಹುತೇಕ ಸಂದರ್ಭಗಳಲ್ಲಿ ಅದು ಕೈಬಿಟ್ಟ ತುದಿಯ ಫಲವೇ. ಸುರುಳಿಯ ಅಂಚಿನಲ್ಲಿರುವ ಸಣ್ಣ ರಂಧ್ರವನ್ನು ಮಾಡಿರುವುದೇ ಇದಕ್ಕಾಗಿ: ತುದಿಯನ್ನು ಬಿಡುವ ಮೊದಲು ಅದರೊಳಗೆ ತೂರಿಸಬೇಕು. ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಫಲಕದಲ್ಲಿ ಚಿತ್ರವಾಗಿ ಬರೆಯುವುದು ಮೇಲು.

ಇದರ ಜೊತೆಗೆ ಇನ್ನೆರಡು ಸಾಲುಗಳು ಇರಲಿ. ಬಣ್ಣ ಬದಲಿಸುವಾಗ ತಣ್ಣಗಿರುವ ನಾಜಲ್‌ನಿಂದ ಎಳೆಯನ್ನು ಕೀಳಬಾರದು; ಕಾಯಿಸಿ, ಒಂದಿಷ್ಟು ಒಳಕ್ಕೆ ಒತ್ತಿ, ಆಮೇಲೆ ಹೊರಕ್ಕೆ ಸೆಳೆಯಬೇಕು. ಮಳೆಗಾಲದಲ್ಲಿ ಸುರುಳಿಯನ್ನು ತೆರೆದಿಡಬಾರದು. ತೇವವನ್ನು ಹೀರಿದ ಎಳೆಯು ನಾಜಲ್‌ನಲ್ಲಿ ಚಟಪಟ ಸಿಡಿಯುವುದರಿಂದಲೂ, ವಸ್ತುವಿನ ಮೇಲೆ ಕೂದಲಿನಂತಹ ಎಳೆಗಳು ಏಳುವುದರಿಂದಲೂ ಅದರ ಗುರುತು ತಿಳಿಯುತ್ತದೆ. ಅಂತಹ ಪಿ.ಎಲ್.ಎ. ಸುರುಳಿಯನ್ನು 45ರಿಂದ 50 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು.

ಫಲಕವನ್ನು ಯಂತ್ರದ ಹಿಂದೆ ಮರೆಯಾಗುವಂತೆ ಹಾಕದೆ, ಗೋಡೆಯ ಸ್ವಿಚ್ಚಿನ ಪಕ್ಕದಲ್ಲಿ, ಆರನೆಯ ತರಗತಿಯ ಮಗುವಿನ ಕಣ್ಣಿನ ಎತ್ತರದಲ್ಲಿ ಅಂಟಿಸಬೇಕು. ಇಂತಹ ಯಂತ್ರವನ್ನು ನೋಡಿಕೊಳ್ಳುವ ಶಿಕ್ಷಕಮಹಾಶಯರಲ್ಲಿ ಒಂದೇ ವಿಜ್ಞಾಪನೆ: ಇಲ್ಲಿನ ಉಷ್ಣತೆಗಳು ಪಿ.ಎಲ್.ಎ.ಗೆ ಮಾತ್ರ ಸಲ್ಲುವುವು. ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿಗೆ ಬೆಡ್ಡೇ 100 ಡಿಗ್ರಿಯವರೆಗೆ ಕಾಯುವುದಲ್ಲದೆ, ಅದರ ಹಬೆ ಮುಚ್ಚಿದ ಕೋಣೆಗೆ ತಕ್ಕದ್ದಲ್ಲ. ಆದ್ದರಿಂದ ಹೊಸ ಬಗೆಯ ಸುರುಳಿಯನ್ನು ಕೋಣೆಯೊಳಗೆ ತರುವ ಮುನ್ನ ಫಲಕವನ್ನು ತಿದ್ದಿ ಬರೆಯಿರಿ.