ಚಪಾತಿ ಮಣೆ ಬಿರಿಯದಂತೆ, ಹೆಚ್ಚುವ ಹಲಗೆ ನಾರದಂತೆ

ಮರ ಕಡಿದು, ಕೊಯ್ದು, ಮಣೆಯಾದ ಮೇಲೂ ನೀರು ಕುಡಿಯುವುದನ್ನು ಬಿಡುವುದಿಲ್ಲ. ಮರವೆಂದರೆ ಉದ್ದಕ್ಕೆ ಜೋಡಿಸಿಟ್ಟ ಸಣ್ಣ ಕೊಳವೆಗಳ ಕಟ್ಟು. ನೀರು ಹೀರಿದರೆ ಅದು ಅಡ್ಡಕ್ಕೆ ಉಬ್ಬುತ್ತದೆ, ಒಣಗಿದರೆ ಅಡ್ಡಕ್ಕೇ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. 25 ಸೆಂಟಿಮೀಟರ್ ಅಗಲದ ಸಾಗುವಾನಿ ಮಣೆಯೊಂದನ್ನು ಮಳೆಗಾಲದ ಮಂಗಳೂರಿನಿಂದ ಬೇಸಿಗೆಯ ಕಲಬುರಗಿಗೆ ಒಯ್ದರೆ, ಒಂದು ಹನಿ ನೀರು ಸೋಕದಿದ್ದರೂ ಗಾಳಿಯ ತೇವದ ವ್ಯತ್ಯಾಸಕ್ಕೇ ಅದು ಒಂದೆರಡು ಮಿಲಿಮೀಟರ್ ಕುಗ್ಗಬಲ್ಲದು. ಇಡೀ ಮಣೆ ಸಮನಾಗಿ ಕುಗ್ಗಿದರೆ ಏನೂ ಆಗುವುದಿಲ್ಲ. ಅಂಚು ಬೇಗ ಒಣಗಿ ನಡುಭಾಗ ಇನ್ನೂ ಹಸಿಯಾಗಿದ್ದರೆ ಮಾತ್ರ ಅಂಚು ಎಳೆತ ತಾಳಲಾರದೆ ಸೀಳುತ್ತದೆ. ದುಂಡನೆಯ ಚಪಾತಿ ಮಣೆಯಲ್ಲಿ ಎಳೆಗಳು ಕೊನೆಗೊಳ್ಳುವ ಜಾಗ ಎದುರುಬದುರಾಗಿ ಎರಡು ಇರುತ್ತವೆ. ಕೊಳವೆಗಳ ಬಾಯಿ ತೆರೆದಿರುವುದು ಅಲ್ಲಿಯೇ. ಅಲ್ಲಿ ನೀರು ಬೇಗ ಒಳಹೋಗುತ್ತದೆ, ಬೇಗ ಹೊರಬರುತ್ತದೆ. ಬಿರುಕು ಹುಟ್ಟುವುದೂ ಸಾಮಾನ್ಯವಾಗಿ ಅಲ್ಲೇ.

ಮಣೆ ತೊಳೆಯುವ ಕ್ರಮವನ್ನು ಈ ಸ್ವಭಾವ ನೋಡಿಕೊಂಡೇ ರೂಢಿಸಿಕೊಳ್ಳಬೇಕು. ಚಪಾತಿ ಲಟ್ಟಿಸಿ ಮುಗಿದ ಕೂಡಲೇ ಮಣೆಯನ್ನು ಸಿಂಕಿಗೆ ಹಾಕುವುದು ಸರಿಯಲ್ಲ. ಮೊದಲು ಒಣಹಿಟ್ಟನ್ನು ಬಟ್ಟೆಯಿಂದ ಕೊಡವಿ, ಅಂಟಿಕೊಂಡ ಕಣಕವನ್ನು ಮೊಂಡ ಚಮಚದ ಅಂಚಿನಿಂದ ಎಳೆಯ ಗುಂಟ ಕೆರೆದು ತೆಗೆಯಬೇಕು. ಬಳಿಕ ತಣ್ಣೀರು. ಇಲ್ಲಿ ಕುದಿನೀರು ಹಾಕಿದರೆ ಕೆಲಸ ಕೆಡುತ್ತದೆ: ಸುಮಾರು 60 ಡಿಗ್ರಿ ದಾಟಿದರೆ ಹಿಟ್ಟಿನ ಪಿಷ್ಟ ಗಂಜಿಯಂತೆ ಬೆಂದು ಮರದ ರಂಧ್ರಗಳಲ್ಲಿ ಅಂಟಾಗಿ ಕೂರುತ್ತದೆ. ಹಾಗೆ ಉಳಿದ ಹಿಟ್ಟೇ ಆಮೇಲೆ ಹುಳಿಯುವುದು, ಮಳೆಗಾಲದಲ್ಲಿ ಕಪ್ಪು ಬೂಷ್ಟಿಗೆ ಆಹಾರವಾಗುವುದು. ಹಿಟ್ಟೆಲ್ಲ ಹೋದ ಮೇಲೆ ಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ಸೋಪು, ತೆಂಗಿನ ನಾರು ಸಾಕು. ಮಣೆಯ ಕಾಲುಗಳ ಬುಡವನ್ನು ಮರೆಯಬಾರದು. ಹಳೆಯ ಹಿಟ್ಟು ಗಟ್ಟಿಯಾಗಿ ಅಡಗುವ ಜಾಗ ಅದು. ಲಟ್ಟಣಿಗೆಗೂ ಇದೇ ಉಪಚಾರ.

ಮೇಲ್ಭಾಗವನ್ನಷ್ಟೇ ತೊಳೆದು ಅಡಿಭಾಗವನ್ನು ಒಣಗಿದ್ದಂತೆಯೇ ಬಿಡುವುದು ಬಹಳ ಮನೆಗಳ ರೂಢಿ. ಮಣೆ ಬಾಗುವುದಕ್ಕೆ ದೊಡ್ಡ ಕಾರಣವೂ ಅದೇ. ಒದ್ದೆಯಾದ ಮೈ ಹಿಗ್ಗುತ್ತದೆ, ಒಣಗಿದ ಮೈ ಹಿಗ್ಗುವುದಿಲ್ಲ. ಆದ್ದರಿಂದ ತೊಳೆಯುವಾಗ ಎರಡೂ ಮೈ ಒದ್ದೆಯಾಗಬೇಕು, ಎರಡನ್ನೂ ಬಟ್ಟೆಯಿಂದ ಒರೆಸಬೇಕು, ಆಮೇಲೆ ಎರಡೂ ಕಡೆ ಗಾಳಿಯಾಡುವಂತೆ ಅಂಚಿನ ಮೇಲೆ ನಿಲ್ಲಿಸಬೇಕು. ಗೋಡೆಗೆ ಒತ್ತಿ ಇಟ್ಟರೆ ಹಿಂದಿನ ಮೈ ಹಸಿಯಾಗಿಯೇ ಉಳಿಯುತ್ತದೆ. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಬಿಸಿಲು ಬಿದ್ದ ಮೈ ಮೊದಲು ಒಣಗುವುದರಿಂದ ಸೀಳುವ ಭಯ ಹೆಚ್ಚು. ನೆರಳಿನ ಗಾಳಿಯೇ ಒಳ್ಳೆಯದು. ನೀರಿನಲ್ಲಿ ನೆನೆಹಾಕುವುದು, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವುದು ಎರಡೂ ಮಣೆಯ ಆಯುಸ್ಸನ್ನು ತಿನ್ನುತ್ತವೆ.

ಹೆಚ್ಚುವ ಹಲಗೆಯ ಮೇಲೆ ಹಸಿ ಮೀನು, ಕೋಳಿ ಬಿದ್ದರೆ ಇನ್ನೊಂದು ಚಿಂತೆ ಸೇರುತ್ತದೆ. ಮರಕ್ಕಿಂತ ಪ್ಲಾಸ್ಟಿಕ್ಕೇ ಶುಚಿ ಎಂಬುದು ಬಹುಕಾಲದ ನಂಬಿಕೆ. ಅಮೆರಿಕದ ವಿಜ್ಞಾನಿ ಡೀನ್ ಕ್ಲೈವರ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಬೇರೆಯೇ ಚಿತ್ರ ಕಂಡಿತು. ಮರದ ಮೇಲೆ ಬಿಟ್ಟ ಬ್ಯಾಕ್ಟೀರಿಯಾ ತೇವದೊಂದಿಗೆ ಒಳಗೆ ಇಳಿದವು. ಮೇಲ್ಮೈಯಿಂದ ಅವನ್ನು ಮತ್ತೆ ಪಡೆಯುವುದು ಕಷ್ಟವಾಯಿತು. ಚಾಕುವಿನ ಗೀರು ಬಿದ್ದ ಪ್ಲಾಸ್ಟಿಕ್ಕನ್ನು ಕೈಯಿಂದ ತೊಳೆದು ಶುಚಿಮಾಡುವುದೇ ಹೆಚ್ಚು ಕಷ್ಟವೆಂದು ಕಂಡುಬಂತು. ಹಾಗೆಂದು ಮರವನ್ನು ತೊಳೆಯದೆ ಬಿಡಬಹುದು ಎಂದಲ್ಲ. ಮೀನು, ಮಾಂಸಕ್ಕೆ ಬೇರೆ ಹಲಗೆ ಇಟ್ಟುಕೊಂಡು, ಪ್ರತಿ ಸಲ ಬಿಸಿನೀರು ಮತ್ತು ಸೋಪಿನಿಂದ ಉಜ್ಜಿ ಪೂರ್ತಿ ಒಣಗಿಸುವುದು ಸುರಕ್ಷಿತ.

ವಾಸನೆಯ ವಿಷಯದಲ್ಲಿ ಎಲ್ಲಕ್ಕೂ ನಿಂಬೆಹಣ್ಣೇ ಮದ್ದು ಎಂದುಕೊಳ್ಳಬಾರದು. ಮೀನಿನ ನಾತಕ್ಕೆ ಮುಖ್ಯ ಕಾರಣ ಕ್ಷಾರ ಗುಣದ ಅಮೀನ್‌ಗಳು. ಹುಳಿ ತಾಗಿದರೆ ಅವು ಗಾಳಿಗೆ ಹಾರದ ಲವಣಗಳಾಗುತ್ತವೆ, ಮೂಗಿಗೆ ತಲುಪುವುದಿಲ್ಲ. ಆದ್ದರಿಂದ ಮೀನಿಗೆ ನಿಂಬೆ, ವಿನೆಗರ್, ಹುಣಸೆ ಯಾವುದಾದರೂ ಆದೀತು. ಹಲಗೆಯ ಮೇಲೆ ಒಂದು ದೊಡ್ಡ ಚಮಚ ಕಲ್ಲುಪ್ಪು ಉದುರಿಸಿ, ನಿಂಬೆಹೋಳಿನಿಂದ ಎಳೆಯ ಗುಂಟ ಉಜ್ಜಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಈರುಳ್ಳಿ, ಬೆಳ್ಳುಳ್ಳಿಯ ವಾಸನೆ ಗಂಧಕದ್ದು. ಅದಕ್ಕೆ ಹುಳಿಯಿಂದ ಅಷ್ಟು ಫಲವಿಲ್ಲ. ಸೋಪು, ಉಪ್ಪಿನ ಉಜ್ಜು ಮತ್ತು ಒಂದೆರಡು ದಿನದ ಗಾಳಿಯೇ ಅದನ್ನು ಕಳೆಯುವುದು. ಹಳಸಿದ ಎಣ್ಣೆಯ ಕಮಟು ಮಾತ್ರ ಹುಳಿ ಗುಣದ್ದು. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಬಳಿದು ಹತ್ತು ನಿಮಿಷ ಬಿಟ್ಟರೆ ಅದು ತಗ್ಗುತ್ತದೆ. ಸೋಡಾ ಮತ್ತು ನಿಂಬೆಯನ್ನು ಒಟ್ಟಿಗೆ ಹಾಕಿದರೆ ನೊರೆ ಜೋರಾಗಿ ಬರುತ್ತದೆ, ಆದರೆ ಎರಡರ ಶಕ್ತಿಯೂ ಒಂದಕ್ಕೊಂದು ಕಳೆದುಹೋಗುತ್ತದೆ. ಬ್ಲೀಚಿನ ಜೊತೆಗಂತೂ ಹುಳಿಯನ್ನು ಎಂದೂ ಬೆರೆಸಬಾರದು. ಹೊಮ್ಮುವ ಕ್ಲೋರಿನ್ ಅನಿಲ ವಿಷ.

ಬಿರುಕು ತಡೆಯುವ ಎಣ್ಣೆಯ ಕೆಲಸ ನೀರಿನ ಓಡಾಟವನ್ನು ನಿಧಾನ ಮಾಡುವುದು. ಎಣ್ಣೆ ಬೇಕೋ ಬೇಡವೋ ಎಂದು ತಿಳಿಯಲು ಒಣಗಿದ ಮಣೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದರೆ ಸಾಕು. ಹನಿ ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಇದೆ. ಹರಡಿ, ಕಪ್ಪಗೆ ಇಳಿದುಹೋದರೆ ಮುಗಿದಿದೆ ಎಂದರ್ಥ. ಅಡುಗೆಮನೆಯಲ್ಲಿ ಕೈಗೆ ಸಿಗುವ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮರದೊಳಗೆ ಹಳಸಿ ಕಮಟು ನಾರುತ್ತವೆ. ಕೊಬ್ಬರಿ ಎಣ್ಣೆ ಇವಕ್ಕಿಂತ ತಡವಾಗಿ ಹಳಸುತ್ತದೆ. ಹಳಸದೇ ಇರುವುದು ಆಹಾರ ದರ್ಜೆಯ ಮಿನರಲ್ ಆಯಿಲ್. ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂದು ಸಿಗುವುದೂ ಇದೇ ಬಗೆಯದು, ಬೇರೆ ಔಷಧಿ ಬೆರೆಯದ ಸಾದಾ ಬಾಟಲಿಯನ್ನೇ ಕೇಳಬೇಕು. ಬಣ್ಣದಂಗಡಿಯ ಅಗಸೆ ಎಣ್ಣೆ ಬೇಡ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಬೆರೆಸಿರುತ್ತಾರೆ.

ಕೆಲವು ತಿಂಗಳು ಮೂಲೆಯಲ್ಲಿದ್ದು, ಒಣಗಿ ಬಿಳಿಚಿಕೊಂಡು, ನಡುವೆ ತುಸು ತಗ್ಗಾಗಿ ಬಾಗಿದ ಹೆಚ್ಚುವ ಹಲಗೆಯೊಂದನ್ನು ಸರಿಮಾಡಬೇಕೆಂದುಕೊಳ್ಳೋಣ. ತಗ್ಗಾದ ಮೈಯೇ ಹೆಚ್ಚು ಒಣಗಿ ಕುಗ್ಗಿದ್ದು. ಸಂಜೆ ಒದ್ದೆ ಬಟ್ಟೆ ಹಾಸಿ, ಆ ಮೈ ಕೆಳಗಾಗುವಂತೆ ಮಲಗಿಸಿ, ಮೇಲೆ ಭಾರದ ಕಲ್ಲೊಂದನ್ನು ಇಟ್ಟರೆ ಬೆಳಗಾಗುವಷ್ಟರಲ್ಲಿ ಹಲಗೆ ಬಹುಮಟ್ಟಿಗೆ ನೇರವಾಗಿರುತ್ತದೆ. ನೆರಳಲ್ಲಿ ಎರಡು ದಿನ ನಿಲ್ಲಿಸಿ ಒಣಗಿಸಿದ ಮೇಲೆ, 120ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ಎಳೆಯ ಗುಂಟ ಉಜ್ಜಿ, 220ರಿಂದ ನುಣುಪು ಮಾಡಬೇಕು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಮರದ ಸಣ್ಣ ನಾರುಗಳು ಎದ್ದು ಕೈಗೆ ಒರಟಾಗಿ ತಾಗುತ್ತವೆ. ಒಣಗಿದ ಮೇಲೆ 220ರಿಂದ ಇನ್ನೊಮ್ಮೆ ಹಗುರವಾಗಿ ಉಜ್ಜಿದರೆ ಮುಂದೆ ತೊಳೆದಾಗ ಅಷ್ಟಾಗಿ ಒರಟಾಗುವುದಿಲ್ಲ. ಬಳಿಕ ತುಸು ಬೆಚ್ಚಗಿನ ಮಿನರಲ್ ಆಯಿಲನ್ನು ಎರಡೂ ಮೈಗೆ ಸಮನಾಗಿ ಹಚ್ಚಬೇಕು. ಎಳೆ ಕೊನೆಗೊಳ್ಳುವ ಅಂಚುಗಳು ಎಣ್ಣೆಯನ್ನು ಹೀರುತ್ತಲೇ ಹೋಗುತ್ತವೆ. ಹೀರುವುದು ನಿಲ್ಲುವವರೆಗೆ ಅಲ್ಲಿ ಮತ್ತೆ ಮತ್ತೆ ಹಚ್ಚಬೇಕು. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಉಳಿದ ಜಿಡ್ಡು ಒರೆಸಿದರೆ ಹಲಗೆ ಸಿದ್ಧ. ಒಂದು ಪಾಲು ಜೇನುಮೇಣವನ್ನು ನಾಲ್ಕು ಪಾಲು ಎಣ್ಣೆಯಲ್ಲಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ ಹಚ್ಚಿದರೆ ಎಣ್ಣೆ ಇನ್ನಷ್ಟು ದಿನ ನಿಲ್ಲುತ್ತದೆ.

ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡರೆ ಇದೇ ಎಣ್ಣೆ ಅದನ್ನು ಬೆಳೆಯಗೊಡದೆ ಬಹುಕಾಲ ತಡೆಯಬಹುದು. ಉಗುರು ಹೊಗುವಷ್ಟು ಸೀಳಿ ಅದರೊಳಗೆ ಹಿಟ್ಟೋ ಮಾಂಸದ ಚೂರೋ ಸಿಕ್ಕಿಕೊಳ್ಳತೊಡಗಿದರೆ, ಅಥವಾ ಕಪ್ಪು ಬೂಷ್ಟು ಉಜ್ಜಿದಷ್ಟೂ ಒಳಗೇ ಕಾಣುತ್ತಿದ್ದರೆ, ಅಂಥ ಮಣೆಯನ್ನು ಅಡುಗೆಯಿಂದ ಬಿಡಿಸಿ ಬಿಸಿ ಪಾತ್ರೆ ಇಡುವುದಕ್ಕೆ ಬಳಸಬಹುದು.