ದೊಡ್ಡಪತ್ರೆಯ ಸಾರವನ್ನು ಪರೀಕ್ಷಿಸಲು ಪ್ರಾಧ್ಯಾಪಕರಿಗೊಂದು ಪತ್ರ

ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ಫಾರ್ಮಸಿ ಓದುವ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಹೆಚ್ಚಾಗಿ ಆರಿಸಿಕೊಳ್ಳುವ ವಿಷಯಗಳಲ್ಲಿ ಔಷಧಿ ಗಿಡದ ಸಾರಕ್ಕೆ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿ ಇದೆಯೇ ಎಂಬ ಪರೀಕ್ಷೆಯೂ ಒಂದು. ಅದಕ್ಕೆ ಬಳಸುವ ವಿಧಾನ ಅಗಾರ್ ವೆಲ್ ಡಿಫ್ಯೂಷನ್. ಬ್ಯಾಕ್ಟೀರಿಯಾ ಬಿತ್ತಿದ ಅಗಾರ್ ತಟ್ಟೆಯಲ್ಲಿ ಚಿಕ್ಕ ಗುಳಿ ಕೊರೆದು, ಅದರೊಳಗೆ ಸಾರ ಹಾಕಿ, ಒಂದು ರಾತ್ರಿ ಶಾಖಪೆಟ್ಟಿಗೆಯಲ್ಲಿಡುತ್ತಾರೆ. ಸಾರ ಸುತ್ತಲಿನ ಅಗಾರ್‌ಗೆ ಇಳಿದು ಹರಡುತ್ತದೆ. ಅದಕ್ಕೆ ತಡೆಯುವ ಗುಣವಿದ್ದರೆ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾದ ವೃತ್ತವೊಂದು ಉಳಿಯುತ್ತದೆ. ಈ ತಡೆವಲಯದ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ವಿಧಾನ ಇಷ್ಟು ಸರಳವಾದ್ದರಿಂದಲೇ ಪ್ರಾಜೆಕ್ಟಿಗೆ ಅನುಮತಿ ಕೇಳುವ ಪತ್ರಗಳು ಸಡಿಲವಾಗಿರುತ್ತವೆ. ‘ಔಷಧಿ ಗಿಡಗಳ ಸೂಕ್ಷ್ಮಜೀವಿನಾಶಕ ಗುಣದ ಅಧ್ಯಯನ’ ಎಂಬ ಶೀರ್ಷಿಕೆ, ಆಯುರ್ವೇದದ ಹಿರಿಮೆಯ ಮೇಲೆ ಒಂದು ಪುಟ, ಕೊನೆಗೆ ಅನುಮತಿಯ ಬೇಡಿಕೆ. ಇದನ್ನು ಓದಿದ ಪ್ರಾಧ್ಯಾಪಕರಿಗೆ ಯಾವ ಗಿಡ, ಯಾವ ಬ್ಯಾಕ್ಟೀರಿಯಾ, ಎಷ್ಟು ಸಾರ, ಯಾವುದಕ್ಕೆ ಹೋಲಿಕೆ ಎಂಬುದೊಂದೂ ತಿಳಿಯುವುದಿಲ್ಲ. ಒಳ್ಳೆಯ ಪತ್ರದಲ್ಲಿ ಇರಬೇಕಾದ್ದು ಒಂದೇ ಪ್ರಶ್ನೆ, ಜೊತೆಗೆ ಆ ಪ್ರಶ್ನೆಯ ಉತ್ತರ ತಪ್ಪಾಗಬಹುದಾದ ದಾರಿಗಳನ್ನು ಮುಚ್ಚುವ ವ್ಯವಸ್ಥೆ. ದೊಡ್ಡಪತ್ರೆಯನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ.

ಕರ್ನಾಟಕದ ಹಿತ್ತಲುಗಳಲ್ಲಿ ಸುಲಭವಾಗಿ ಸಿಗುವ ದೊಡ್ಡಪತ್ರೆಯ ಸಸ್ಯಶಾಸ್ತ್ರೀಯ ಹೆಸರು ಕೋಲಿಯಸ್ ಅಂಬೋಯ್ನಿಕಸ್. ಹಳೆಯ ಪುಸ್ತಕಗಳಲ್ಲಿ ಪ್ಲೆಕ್ಟ್ರಾಂಥಸ್ ಅಂಬೋಯ್ನಿಕಸ್ ಎಂದಿರುತ್ತದೆ. ಮಕ್ಕಳ ಶೀತ, ಕೆಮ್ಮಿಗೆ ಎಲೆಯ ರಸ ಕೊಡುವುದು, ತಂಬುಳಿ ಮಾಡುವುದು ರೂಢಿ. ಎಲೆ ಹಿಸುಕಿದಾಗ ಮೂಗಿಗೆ ಬಡಿಯುವ ಓಮದಂಥ ವಾಸನೆ ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯ ಅಂಶಗಳದ್ದು. ಎರಡೂ ಬ್ಯಾಕ್ಟೀರಿಯಾದ ಕೋಶಪೊರೆಯನ್ನು ಹಾಳುಗೆಡಹಬಲ್ಲವು. ಆದರೆ ಇವು ನೀರಿನಲ್ಲಿ ಬಹಳ ಕಡಿಮೆ ಕರಗುತ್ತವೆ, ಬಿಸಿ ತಗಲಿದರೆ ಗಾಳಿಗೆ ಹಾರಿಹೋಗುತ್ತವೆ. ಮನೆಯಲ್ಲಿ ಕುದಿಸುವ ಕಷಾಯದಲ್ಲಿ ಈ ಗುಣ ಎಷ್ಟು ಉಳಿಯುತ್ತದೆ ಎಂಬುದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಪತ್ರದ ಮೊದಲ ಪ್ಯಾರಾದಲ್ಲೇ ಅದು ಹೀಗೆ ಬರಬಹುದು:

‘ಮಾನ್ಯರೇ, ದೊಡ್ಡಪತ್ರೆ ಎಲೆಯ ಮೆಥನಾಲ್ ಸಾರ ಮತ್ತು ನೀರಿನ ಕಷಾಯ, ಇವೆರಡನ್ನೂ ಒಂದೇ ತೂಕದಲ್ಲಿ ತೆಗೆದುಕೊಂಡಾಗ ಸ್ಟೆಫಿಲೊಕಾಕಸ್ ಆರಿಯಸ್ ಹಾಗೂ ಇ. ಕೋಲೈ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುವುದರಲ್ಲಿ ವ್ಯತ್ಯಾಸವಿದೆಯೇ ಎಂಬುದನ್ನು ಅಗಾರ್ ವೆಲ್ ಡಿಫ್ಯೂಷನ್ ವಿಧಾನದಿಂದ ಪರೀಕ್ಷಿಸಲು ತಮ್ಮ ಮಾರ್ಗದರ್ಶನ ಮತ್ತು ಅನುಮತಿ ಕೋರುತ್ತೇನೆ.’

ಎರಡು ಬ್ಯಾಕ್ಟೀರಿಯಾಗಳ ಆಯ್ಕೆಗೂ ಕಾರಣ ಕೊಡಬೇಕು. ಮೊದಲನೆಯದು ಗ್ರಾಂ ಪಾಸಿಟಿವ್, ಎರಡನೆಯದು ಗ್ರಾಂ ನೆಗೆಟಿವ್. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಹೆಚ್ಚುವರಿ ಪೊರೆ ಇರುವುದರಿಂದ ಗಿಡದ ಅನೇಕ ಅಂಶಗಳು ಸುಲಭವಾಗಿ ಒಳನುಗ್ಗಲಾರವು, ಇ. ಕೋಲೈ ತಟ್ಟೆಯಲ್ಲಿ ವಲಯ ಚಿಕ್ಕದಾದರೆ ಅದು ನಿರೀಕ್ಷಿತವೇ. ತಳಿಯನ್ನೂ ಹೆಸರಿಸಬೇಕು: ಸ್ಟೆಫಿಲೊಕಾಕಸ್ ಎಟಿಸಿಸಿ 25923, ಇ. ಕೋಲೈ ಎಟಿಸಿಸಿ 25922. ಇವುಗಳ ವರ್ತನೆ ಜಗತ್ತಿನ ಎಲ್ಲ ಪ್ರಯೋಗಾಲಯಗಳಿಗೂ ಗೊತ್ತಿರುವುದರಿಂದ ತಮ್ಮ ತಟ್ಟೆ ಸರಿಯಾಗಿದೆಯೇ ಎಂದು ಹೋಲಿಸಿ ನೋಡಬಹುದು. ಆಸ್ಪತ್ರೆಯ ರೋಗಿಗಳಿಂದ ಬಂದ ಬ್ಯಾಕ್ಟೀರಿಯಾ ಬಳಸುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕಾದೀತು. ಅವಧಿ ಚಿಕ್ಕದಿರುವ ಪ್ರಾಜೆಕ್ಟಿಗೆ ಆ ದಾರಿ ಸಲ್ಲದು.

ನಂತರ ಬರುವುದು ಗಿಡದ ವಿಷಯ. ಸಂಗ್ರಹಿಸಿದ ಸ್ಥಳ, ತಿಂಗಳು, ಹೂವಿದ್ದರೆ ಹೂವಿನ ಸಮೇತ ಒಣಗಿಸಿ ಅಂಟಿಸಿದ ಮಾದರಿ, ಅದನ್ನು ಗುರುತಿಸಿಕೊಡುವ ಸಸ್ಯಶಾಸ್ತ್ರ ವಿಭಾಗದ ಒಪ್ಪಿಗೆ, ಇವಿಷ್ಟನ್ನು ಪತ್ರ ತಿಳಿಸಬೇಕು. ಊರ ಹೆಸರನ್ನಷ್ಟೇ ನಂಬಿದರೆ ಗೊಂದಲ ತಪ್ಪದು: ಬ್ರಾಹ್ಮಿ ಎಂದು ಕೇಳಿದರೆ ಒಂದು ಕಡೆ ಒಂದೆಲಗ ಕೊಡುತ್ತಾರೆ, ಇನ್ನೊಂದು ಕಡೆ ಬಕೋಪಾ ಎಂಬ ಬೇರೆಯೇ ಗಿಡ ಕೊಡುತ್ತಾರೆ.

ದೊಡ್ಡಪತ್ರೆಯ ಎಲೆ ದಪ್ಪ, ಬಹುಪಾಲು ನೀರೇ. 25 ಗ್ರಾಂ ಒಣಪುಡಿ ಬೇಕೆಂದರೆ ಅರ್ಧ ಕಿಲೋ ಹಸಿ ಎಲೆಯನ್ನಾದರೂ ತರಬೇಕಾದೀತು. ಬಿಸಿಲಿನಲ್ಲಿ ಒಣಗಿಸಿದರೆ ವಾಸನೆಯ ಅಂಶ ಹೋಗುತ್ತದೆ, ನೆರಳಿನಲ್ಲಿ ದಪ್ಪವಾಗಿ ಹರಡಿದರೆ ಬೂಸ್ಟು ಹಿಡಿಯುತ್ತದೆ. ಎಲೆಯನ್ನು ಸೀಳಿ, ತೆಳುವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸುವುದೇ ದಾರಿ. ಒಣಗಿದ ಪುಡಿಯನ್ನು ಕೈಯಲ್ಲಿ ಉಜ್ಜಿದಾಗ ಓಮದ ವಾಸನೆ ಇನ್ನೂ ಬರುತ್ತಿದ್ದರೆ ಸರಿ. ಬರಿಯ ಹುಲ್ಲಿನ ವಾಸನೆ ಬಂದರೆ ಬೇಕಾದ್ದು ಬಹುಮಟ್ಟಿಗೆ ಹಾರಿಹೋಗಿದೆ ಎಂದೇ ಅರ್ಥ.

ಇಲ್ಲಿಂದ ಮುಂದೆ ಪತ್ರದ ಬೆಲೆ ಇರುವುದು ಲೆಕ್ಕದಲ್ಲಿ. 25 ಗ್ರಾಂ ಪುಡಿಯನ್ನು 250 ಮಿಲಿ ಮೆಥನಾಲ್‌ನಲ್ಲಿ 72 ಗಂಟೆ ಆಗಾಗ ಅಲುಗಾಡಿಸುತ್ತ ನೆನೆಸಿ, ಶೋಧಿಸಿ, ರೋಟರಿ ಇವ್ಯಾಪರೇಟರ್‌ನಲ್ಲಿ 40 ಡಿಗ್ರಿ ಮೀರದಂತೆ ಮೆಥನಾಲ್ ತೆಗೆದರೆ ತಳದಲ್ಲಿ ಕಡುಹಸಿರು ಅಂಟು ಉಳಿಯುತ್ತದೆ. ಅದು 2 ಗ್ರಾಂ ಬಂತೆಂದು ಇಟ್ಟುಕೊಂಡರೆ ಇಳುವರಿ ಶೇ 8. ಅದರಲ್ಲಿ 1 ಗ್ರಾಂ ತೂಗಿ 10 ಮಿಲಿ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದರೆ ಪ್ರತಿ ಮಿಲಿಗೆ 100 ಮಿಲಿಗ್ರಾಂ. ಗುಳಿಗೆ 50 ಮೈಕ್ರೋಲೀಟರ್ ಹಾಕಿದಾಗ ಒಳಗೆ ಹೋಗುವ ಸಾರ 5 ಮಿಲಿಗ್ರಾಂ. ಇದನ್ನೇ ಅರ್ಧಕ್ಕರ್ಧ ತೆಳುಮಾಡಿ 2.5 ಹಾಗೂ 1.25 ಮಿಲಿಗ್ರಾಂ ಪ್ರಮಾಣಗಳನ್ನು ಮಾಡಿಕೊಳ್ಳಬಹುದು. ಮೂರು ಪ್ರಮಾಣಗಳೇಕೆಂದರೆ, ಪ್ರಮಾಣ ಏರಿದಂತೆ ವಲಯವೂ ಏರಿದರೆ ಮಾತ್ರ ತಡೆ ಸಾರದ್ದೇ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಕಷಾಯವನ್ನೂ ಹಾಗೆಯೇ ಒಣಗಿಸಿ ತೂಗಿ, ಶುದ್ಧ ನೀರಿನಲ್ಲಿ ಅದೇ ಸಾಂದ್ರತೆಗೆ ಕರಗಿಸಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಹಾಯಿಸಬೇಕು. ಇಲ್ಲದಿದ್ದರೆ ಎಲೆಯ ಮೇಲಿದ್ದ ಬೇರೆ ಬ್ಯಾಕ್ಟೀರಿಯಾಗಳೇ ತಟ್ಟೆಯಲ್ಲಿ ಬೆಳೆದುಬಿಡುತ್ತವೆ.

ತಟ್ಟೆಗೆ ಮ್ಯೂಲರ್ ಹಿಂಟನ್ ಅಗಾರ್. 90 ಮಿಮೀ ತಟ್ಟೆಗೆ 25 ಮಿಲಿ ಸುರಿದರೆ ಅಗಾರ್‌ನ ದಪ್ಪ ಸುಮಾರು 4 ಮಿಮೀ ಆಗುತ್ತದೆ. ಈ ದಪ್ಪ ಹೆಚ್ಚುಕಡಿಮೆಯಾದರೆ ಫಲಿತಾಂಶವೇ ಬದಲಾಗುತ್ತದೆ: ತೆಳುವಾದ ಅಗಾರ್‌ನಲ್ಲಿ ಸಾರ ಕೆಳಕ್ಕಿಳಿಯಲು ಜಾಗವಿಲ್ಲದೆ ಬದಿಗೆ ಹರಡಿ ವಲಯ ದೊಡ್ಡದಾಗಿ ಕಾಣುತ್ತದೆ. ಬಿತ್ತುವ ಬ್ಯಾಕ್ಟೀರಿಯಾದ ಪ್ರಮಾಣವೂ ಅಷ್ಟೇ ಮುಖ್ಯ. ಬ್ಯಾಕ್ಟೀರಿಯಾ ಬೆರೆಸಿದ ದ್ರವದ ಮಬ್ಬು 0.5 ಮ್ಯಾಕ್‌ಫರ್ಲಂಡ್ ಮಾದರಿಗೆ ಸಮವಾಗಿರಬೇಕು. ಆಗ ಮಿಲಿಗೆ ಸುಮಾರು 15 ಕೋಟಿ ಜೀವಕೋಶಗಳಿರುತ್ತವೆ. ಕಪ್ಪು ಗೆರೆ ಎಳೆದ ಬಿಳಿ ಕಾರ್ಡನ್ನು ಎರಡೂ ನಳಿಕೆಗಳ ಹಿಂದೆ ಹಿಡಿದು, ಗೆರೆಗಳು ಒಂದೇ ರೀತಿ ಮಸುಕಾಗಿ ಕಾಣುವವರೆಗೆ ಸರಿಪಡಿಸುತ್ತಾರೆ. ಬಿತ್ತನೆ ವಿರಳವಾದರೆ ವಲಯ ಉಬ್ಬುತ್ತದೆ, ದಟ್ಟವಾದರೆ ಕುಗ್ಗುತ್ತದೆ.

ಆಮೇಲೆ 6 ಮಿಮೀ ಕಾರ್ಕ್ ಬೋರರ್‌ನಿಂದ ಗುಳಿ ಕೊರೆಯುವುದು. 4 ಮಿಮೀ ಆಳದ ಅಂಥ ಗುಳಿಯಲ್ಲಿ ಹಿಡಿಯುವುದು ಸುಮಾರು 113 ಮೈಕ್ರೋಲೀಟರ್. 50 ಹಾಕಿದರೆ ಉಕ್ಕುವ ಭಯವಿಲ್ಲ. ಅಗಾರ್ ಬಿಲ್ಲೆಯನ್ನು ಕೀಳುವಾಗ ಸುತ್ತಲಿನ ಅಗಾರ್ ತಳದಿಂದ ಎದ್ದರೆ ಸಾರ ಅದರಡಿಗೆ ನುಸುಳುತ್ತದೆ. ಮರುದಿನ ವೃತ್ತದ ಬದಲು ಒಂದು ಕಡೆಗೆ ಚಾಚಿದ ಅಂಕುಡೊಂಕಾದ ವಲಯ ಕಂಡರೆ ಇದೇ ಕಾರಣ, ಆ ಅಳತೆಯನ್ನು ಕೈಬಿಡಬೇಕು. ಗುಳಿಯ ತಳಕ್ಕೆ ಒಂದು ಹನಿ ಕರಗಿದ ಅಗಾರ್ ಬಿಟ್ಟು ಮುಚ್ಚಿದರೆ ಈ ತೊಂದರೆ ತಪ್ಪುತ್ತದೆ.

ಪ್ರಾಧ್ಯಾಪಕರು ಪತ್ರದಲ್ಲಿ ಮೊದಲು ಹುಡುಕುವುದು ಕಂಟ್ರೋಲ್‌ಗಳನ್ನು. ಡಿಎಂಎಸ್‌ಒ ಕೂಡ ಬ್ಯಾಕ್ಟೀರಿಯಾಗೆ ಒಗ್ಗದ ದ್ರಾವಕ. ಅದನ್ನೊಂದನ್ನೇ 50 ಮೈಕ್ರೋಲೀಟರ್ ಹಾಕಿದ ಗುಳಿ ಇಲ್ಲದಿದ್ದರೆ ವಲಯ ಎಲೆಯದೋ ದ್ರಾವಕದ್ದೋ ಹೇಳಲಾಗದು. ಎಲೆಯಿಲ್ಲದೆ ಬರಿಯ ಮೆಥನಾಲನ್ನು ಅದೇ ಹಂತಗಳಲ್ಲಿ ಆವಿಮಾಡಿ, ಉಳಿದದ್ದನ್ನು ಡಿಎಂಎಸ್‌ಒನಲ್ಲಿ ತೆಗೆದು ಆ ಗುಳಿಗೆ ಹಾಕಿದರೆ ಇನ್ನೂ ಉತ್ತಮ. ಕಷಾಯದ ತಟ್ಟೆಯಲ್ಲಿ ಅದರ ಜಾಗಕ್ಕೆ ಶುದ್ಧ ನೀರು. ಇನ್ನು ಪ್ರತಿಜೀವಕಕ್ಕೆ 10 ಮೈಕ್ರೋಗ್ರಾಂ ಜೆಂಟಾಮೈಸಿನ್ ಬಿಲ್ಲೆ. ಅದರ ಸುತ್ತ ಇ. ಕೋಲೈ 25922 ತಟ್ಟೆಯಲ್ಲಿ 19ರಿಂದ 26 ಮಿಮೀ, ಸ್ಟೆಫಿಲೊಕಾಕಸ್ 25923 ತಟ್ಟೆಯಲ್ಲಿ 19ರಿಂದ 27 ಮಿಮೀ ವಲಯ ಬರಬೇಕೆಂಬುದು ಅಂಗೀಕೃತ ಮಿತಿ. ಬಿಲ್ಲೆಯ ವಲಯ 32 ಮಿಮೀ ಬಂದರೆ ಅಗಾರ್ ತೆಳುವಾಗಿರಬೇಕು ಅಥವಾ ಬಿತ್ತನೆ ಕಡಿಮೆಯಾಗಿರಬೇಕು. ಆ ತಟ್ಟೆಯ ದೊಡ್ಡಪತ್ರೆ ವಲಯಕ್ಕೂ ಬೆಲೆಯಿಲ್ಲ.

ಒಂದು ತಟ್ಟೆಯಲ್ಲಿ ಐದಕ್ಕಿಂತ ಹೆಚ್ಚು ಜಾಗ ಬಳಸಿದರೆ ವಲಯಗಳು ಒಂದಕ್ಕೊಂದು ತಾಗುತ್ತವೆ. ಮೆಥನಾಲ್ ಸಾರದ ಮೂರು ಪ್ರಮಾಣ, ಒಂದು ಡಿಎಂಎಸ್‌ಒ, ಒಂದು ಬಿಲ್ಲೆ ಸೇರಿದರೆ ಒಂದು ತಟ್ಟೆ. ಕಷಾಯಕ್ಕೆ ಹಾಗೆಯೇ ಇನ್ನೊಂದು. ಎರಡು ಬ್ಯಾಕ್ಟೀರಿಯಾಗಳಿಗೆ ನಾಲ್ಕು, ಪ್ರತಿಯೊಂದಕ್ಕೂ ಮೂರು ಪ್ರತಿ ಇಟ್ಟರೆ ಹನ್ನೆರಡು, ಇಡೀ ಪ್ರಯೋಗವನ್ನು ಬೇರೆ ಬೇರೆ ಮೂರು ದಿನ ಮಾಡಿದರೆ 36 ತಟ್ಟೆ. ಅದಕ್ಕೆ 900 ಮಿಲಿ ಅಗಾರ್, ಲೀಟರಿಗೆ 38 ಗ್ರಾಂನಂತೆ ಸುಮಾರು 34 ಗ್ರಾಂ ಪುಡಿ. ಇಷ್ಟನ್ನು ಬರೆದ ಪತ್ರವನ್ನು ನೋಡಿದೊಡನೆ ಸ್ಟೋರಿನಿಂದ ಏನೇನು ಕೊಡಬೇಕು, ಆಟೋಕ್ಲೇವ್ ಮತ್ತು ಶಾಖಪೆಟ್ಟಿಗೆ ಎಷ್ಟು ದಿನ ಬೇಕು ಎಂಬುದು ಗೊತ್ತಾಗುತ್ತದೆ. ಒಂದೇ ದಿನದ ಮೂರು ತಟ್ಟೆಗಳನ್ನು ಮೂರು ಪ್ರಯೋಗಗಳೆಂದು ಎಣಿಸುವುದು ತೀರಾ ಸಾಮಾನ್ಯವಾದ ತಪ್ಪು. ಅವು ಆ ದಿನದ ಬಿತ್ತನೆಯ ದೋಷವನ್ನು ಸಮಾನವಾಗಿ ಹಂಚಿಕೊಂಡಿರುತ್ತವೆ.

ಅಳತೆಯ ಕ್ರಮವನ್ನೂ ಮೊದಲೇ ಹೇಳಿಬಿಡಬೇಕು. 35ರಿಂದ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಟ್ಟ ತಟ್ಟೆಯನ್ನು ಕಪ್ಪು ಹಿನ್ನೆಲೆಯ ಮೇಲೆ ತಳದ ಕಡೆಯಿಂದ ನೋಡಿ ವಲಯ ಅಳೆಯುತ್ತಾರೆ. ಅಳತೆಯಲ್ಲಿ ಗುಳಿಯ 6 ಮಿಮೀ ಸೇರಿದೆಯೇ ಎಂಬುದನ್ನು ನಮೂದಿಸಲೇಬೇಕು. ಸೇರಿದ್ದರೆ 8 ಮಿಮೀ ವಲಯ ಎಂದರೆ ಪ್ರತಿ ಬದಿಗೆ ಒಂದೇ ಮಿಲಿಮೀಟರ್ ತಡೆ. ಮೆಥನಾಲ್ ಸಾರದ ಹಸಿರು ಬಣ್ಣ ಗುಳಿಯ ಸುತ್ತ ಹರಡಿ ವಲಯದಂತೆ ಕಾಣುವುದುಂಟು. ತಟ್ಟೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಬಣ್ಣದ ಮೇಲೆ ಬೆಳವಣಿಗೆಯ ಪದರ ಇದೆಯೋ ಇಲ್ಲವೋ ತಿಳಿಯುತ್ತದೆ.

ಫಲಿತಾಂಶದಿಂದ ಏನನ್ನು ಹೇಳಲಾಗದು ಎಂಬುದಕ್ಕೆ ಪತ್ರದಲ್ಲಿ ಒಂದು ಪ್ಯಾರಾ ಮೀಸಲಿಡುವುದು ಒಳ್ಳೆಯದು. 5 ಮಿಲಿಗ್ರಾಂ ಸಾರದ ಸುತ್ತ 15 ಮಿಮೀ, ಜೆಂಟಾಮೈಸಿನ್ ಸುತ್ತ 22 ಮಿಮೀ ಬಂದಾಗ ದೊಡ್ಡಪತ್ರೆಗೆ ಔಷಧದ ಮೂರರಲ್ಲಿ ಎರಡು ಪಾಲು ಶಕ್ತಿ ಇದೆ ಎಂದು ಬರೆಯುವವರಿದ್ದಾರೆ. ಸಾರದ ತೂಕ ಜೆಂಟಾಮೈಸಿನ್‌ಗಿಂತ 500 ಪಟ್ಟು ಹೆಚ್ಚಿತ್ತು ಎಂಬುದನ್ನು ಆ ಲೆಕ್ಕ ಮರೆತಿರುತ್ತದೆ. ಅದಲ್ಲದೆ ವಲಯ ಅಳೆಯುವುದು ತಡೆಯುವ ಶಕ್ತಿಯನ್ನಷ್ಟೇ ಅಲ್ಲ, ಹರಡುವ ಶಕ್ತಿಯನ್ನೂ. ಅಗಾರ್ ಬಹುಪಾಲು ನೀರಾದ್ದರಿಂದ ಕಾರ್ವಕ್ರಾಲ್‌ನಂಥ ಎಣ್ಣೆಯ ಅಂಶ ಅದರಲ್ಲಿ ನಿಧಾನವಾಗಿ ಚಲಿಸುತ್ತದೆ, ಸ್ವಲ್ಪ ಭಾಗ ಮುಚ್ಚಳದಡಿಯ ಗಾಳಿಗೂ ಸೇರುತ್ತದೆ. ಹಾಗಾಗಿ ನಿಜವಾಗಿ ಪ್ರಬಲವಾದ ಸಾರಕ್ಕೂ ಚಿಕ್ಕ ವಲಯ ಬರಬಹುದು. ವಲಯದೊಳಗಿನ ಬ್ಯಾಕ್ಟೀರಿಯಾ ಸತ್ತಿದೆಯೋ ಸುಮ್ಮನೆ ಬೆಳೆಯದೆ ನಿಂತಿದೆಯೋ ಎಂಬುದೂ ಇದರಿಂದ ತಿಳಿಯದು. ಕಾಯಿಲೆ ವಾಸಿಮಾಡುವ ಮಾತಂತೂ ಈ ತಟ್ಟೆಯ ವ್ಯಾಪ್ತಿಗೆ ಬರುವುದೇ ಇಲ್ಲ.

ಆದ್ದರಿಂದ ಪತ್ರದ ಕೊನೆಯ ಭಾಗದಲ್ಲಿ ಮುಂದಿನ ಹೆಜ್ಜೆ ಇರಬೇಕು: ಎರಡು ಸಾರಗಳಲ್ಲಿ ಯಾವುದಕ್ಕೆ ವಲಯ ಬಂದರೂ ಅದನ್ನು ದ್ರವ ಮಾಧ್ಯಮದಲ್ಲಿ ಹಂತಹಂತವಾಗಿ ತೆಳುಮಾಡಿ, ಬೆಳವಣಿಗೆಯನ್ನು ತಡೆಯುವ ಕನಿಷ್ಠ ಸಾಂದ್ರತೆಯನ್ನು ಕಂಡುಹಿಡಿಯುವುದು; ಬೆಳೆಯದ ನಳಿಕೆಗಳಿಂದ ತೆಗೆದು ಹೊಸ ತಟ್ಟೆಗೆ ಹಚ್ಚಿ ಸತ್ತಿದೆಯೇ ಎಂದು ನೋಡುವುದು. ಸ್ಟೆಫಿಲೊಕಾಕಸ್ ರೋಗಕಾರಕವಾದ್ದರಿಂದ ಎರಡನೆಯ ಹಂತದ ಜೈವಿಕ ಸುರಕ್ಷತೆಯ ವ್ಯವಸ್ಥೆ, ಕೈಗವಸು, ಬಳಸಿದ ತಟ್ಟೆಗಳನ್ನು ಎಸೆಯುವ ಮುನ್ನ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡುವ ಹೊಣೆ, ಇವನ್ನು ವಿದ್ಯಾರ್ಥಿಯೇ ಒಪ್ಪಿಕೊಂಡು ಬರೆಯಬೇಕು. ಆಮೇಲೆ ವಾರಗಳ ವೇಳಾಪಟ್ಟಿ, ನೋಂದಣಿ ಸಂಖ್ಯೆ, ಸಹಿ. ಇಷ್ಟೂ ಸೇರಿ ಎರಡು ಪುಟ ಮೀರಬೇಕಾಗಿಲ್ಲ.